ಸ್ಟಾರ್‌ನಲ್ಲೇ ಉಳಿದ ಬೋರ್ ಮೋಟಾರ್

ಏಪ್ರಿಲ್ ತಿಂಗಳು. ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ತೋಟದಿಂದ ಫೋನ್ ಬಂತು. ಯಜಮಾನರ ದನಿಯಲ್ಲೇ ಸೋತಿದ್ದು ಗೊತ್ತಾಗುತ್ತಿತ್ತು. "ನಾಡಿದ್ದು ಮೋಟಾರ್ ಎತ್ತಿಸ್ತಾ ಇದ್ದೀನಿ. ಎತ್ತೋಕೆ ಮುಂಚೆ ನೀನೊಮ್ಮೆ ಬಂದು ನೋಡಪ್ಪಾ" ಅಂದರು.

ನಾನು ಐಟಿಐ ಮುಗಿಸಿ ಹದಿನಾಲ್ಕು ವರ್ಷದಿಂದ ಪಂಪ್‌ಸೆಟ್ ಪ್ಯಾನೆಲ್ ಕೆಲಸ ಮಾಡುತ್ತಿದ್ದೇನೆ. ಬೋರ್‌ನಿಂದ ಮೋಟಾರ್ ಎತ್ತುವುದು ಅಂದರೆ ಒಂದು ದಿನದ ಕೆಲಸ, ಆರೇಳು ಜನ, ಗಾಡಿ ಬಾಡಿಗೆ. ಎತ್ತುವಾಗ ಕೇಬಲ್ ಸೀಳಿದರೆ ಅದರ ಖರ್ಚು ಬೇರೆ. ಹಾಗಾಗಿ ಬೆಳಗ್ಗೆ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಹುಡುಗನನ್ನು ಕರೆದುಕೊಂಡು ಹೊರಟೆ.

ಬೋರ್ ಆಳ 620 ಅಡಿ. 15 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ 560 ಅಡಿಯಲ್ಲಿದೆ. ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ, ಕೆಲವು ಸೆಕೆಂಡ್ ಆದ ಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಪ್ಯಾನೆಲ್, ಮೂರು ಎಳೆಯ ಚಪ್ಪಟೆ ಕೇಬಲ್ ಎರಡು. ಯಜಮಾನರು ಹೇಳಿದ್ದು ಇಷ್ಟು. ಮೂರು ವಾರದಿಂದ ನೀರು ಸಣ್ಣಗಾಗಿದೆ. ಮೊದಲು ಪೈಪ್ ತುಂಬ ಬರುತ್ತಿದ್ದದ್ದು ಈಗ ಬೆರಳಿನಷ್ಟು ದಪ್ಪ. ಆರಂಭದಲ್ಲಿ, ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ರಿಲೇ ಐದು ನಿಮಿಷಕ್ಕೊಮ್ಮೆ ಟ್ರಿಪ್ ಆಗುತ್ತಿತ್ತು. ಪಕ್ಕದ ಊರಿನ ಒಬ್ಬರು ಬಂದು ರಿಲೇ "ಸರಿ ಮಾಡಿ" ಹೋದ ಮೇಲೆ ಟ್ರಿಪ್ ನಿಂತಿದೆ. ಆದರೆ ನೀರು ಮಾತ್ರ ಹಾಗೇ ಇದೆ. ಮೋಟಾರ್ ಎತ್ತುವವರು ಮೂರು ದಿನದ ಹಿಂದೆ ಬಂದು ತಂತಿ ಬಿಚ್ಚಿ ಟೆಸ್ಟ್ ಮಾಡಿ, ಪಂಪ್ ಸವೆದಿದೆ ಇಲ್ಲವೇ ಬೋರ್ ಬತ್ತಿದೆ ಅಂದಿದ್ದಾರೆ.

ಕೊನೆಗೆ ಇನ್ನೊಂದು ಮಾತು ಸೇರಿಸಿದರು. "ಮೋಟಾರ್ ಓಡೋವಾಗ ಪ್ಯಾನೆಲ್ ಮುಟ್ಟಿದ್ರೆ ಕೈ ಜುಮ್ ಅಂತದೆ. ನಿಲ್ಸಿದ್ರೆ ಏನೂ ಇಲ್ಲ."

ಆ ಮಾತನ್ನು ಅವರು ಸುಮ್ನೆ ಹೇಳಿದ್ದರು. ನನಗೂ ಆಗ ಅದರ ಬೆಲೆ ಪೂರ್ತಿ ಗೊತ್ತಾಗಲಿಲ್ಲ. ಹುಡುಗನಿಗೆ ಬರಿಗಾಲಲ್ಲಿ ಹತ್ತಿರ ಬರಬೇಡ ಅಂದೆ, ಒಣ ಹಲಗೆ ಹಾಕಿಸಿ ಅದರ ಮೇಲೆ ನಿಂತೆ, ಪ್ಯಾನೆಲ್ ಬಾಗಿಲನ್ನು ಒಣ ಕಡ್ಡಿಯಿಂದ ತೆರೆದೆ.

ಮೊದಲ ಕೆಲಸ ಕಿವಿಯಲ್ಲಿ. ಸ್ಟಾರ್ಟ್ ಒತ್ತಿದೆ. ಒಳಗಿನ ಕಾಯಿಲ್‌ಗೆ ಕರೆಂಟ್ ಬಂದರೆ ಎಳೆದುಕೊಳ್ಳುವ ಸ್ವಿಚ್ಚೇ ಕಾಂಟ್ಯಾಕ್ಟರ್. ಟಪ್ ಅಂತ ಮೇನ್ ಮತ್ತು ಸ್ಟಾರ್ ಕಾಂಟ್ಯಾಕ್ಟರ್ ಎರಡೂ ಒಟ್ಟಿಗೆ ಹಿಡಿದವು. ಮೋಟಾರ್ ಎದ್ದಿತು. ಟೈಮರ್ ಡಯಲ್ 8 ಸೆಕೆಂಡ್‌ನಲ್ಲಿತ್ತು. ಹತ್ತು ಎಣಿಸಿದೆ, ಇಪ್ಪತ್ತು, ಮೂವತ್ತು. ಎರಡನೇ ಶಬ್ದ ಬರಲೇ ಇಲ್ಲ. ಸ್ಟಾರ್ ಕಾಂಟ್ಯಾಕ್ಟರ್ ಒಳಗೆ ಎಳೆದುಕೊಂಡೇ ಇತ್ತು, ಡೆಲ್ಟಾ ಕಾಂಟ್ಯಾಕ್ಟರ್ ಅಲುಗಲಿಲ್ಲ.

ಈ ಹಂತದಲ್ಲಿ ಗಮನಿಸಬೇಕಾದದ್ದು ಒಂದೇ. ಸ್ಟಾರ್ ಬಿಟ್ಟಿತೋ, ಬಿಡಲಿಲ್ಲವೋ? ಬಿಟ್ಟು ಡೆಲ್ಟಾ ಹಿಡಿಯದಿದ್ದರೆ ಮೋಟಾರ್‌ಗೆ ಕರೆಂಟ್ ದಾರಿಯೇ ಇರುವುದಿಲ್ಲ, ಅದು ನಿಲ್ಲುತ್ತದೆ. ಆಗ ಹುಡುಕಬೇಕಾದದ್ದು ಡೆಲ್ಟಾ ಕಾಯಿಲ್‌ನ ದಾರಿಯಲ್ಲಿ. ಸ್ಟಾರ್ ಬಿಡದೇ ಹೋದರೆ ತಪ್ಪು ಟೈಮರ್ ಕಡೆ ಇದೆ, ಇಲ್ಲವೇ ಸ್ಟಾರ್ ಕಾಂಟ್ಯಾಕ್ಟರ್‌ನ ಪಾಯಿಂಟ್‌ಗಳು ಅಂಟಿಕೊಂಡಿವೆ. ಇಲ್ಲಿ ಸ್ಟಾಪ್ ಒತ್ತಿದ ತಕ್ಷಣ ಸ್ಟಾರ್ ಸಲೀಸಾಗಿ ಹೊರಗೆ ಬಂತು. ಹಾಗಾದರೆ ಮೊದಲು ಟೈಮರ್.

ಅದಕ್ಕೂ ಮುಂಚೆ ಇನ್ನೊಮ್ಮೆ ಓಡಿಸಿ ಟಾಂಗ್ ಟೆಸ್ಟರ್ ಹಾಕಿದೆ. ಲೈನ್‌ನಲ್ಲಿ 19 ಆಂಪ್. ಮೋಟಾರ್ ಪ್ಲೇಟ್ ವಿವರವನ್ನು ಯಜಮಾನರು ಇಳಿಸುವಾಗಲೇ ಬಾಗಿಲ ಒಳಗೆ ಬರೆಸಿಟ್ಟಿದ್ದರು, 25 ಆಂಪ್ ಅಂತ. "25ರ ಮೋಟಾರ್ 19 ತಗೊಳ್ತಿದೆ, ಒಳ್ಳೇದೇ ಅಲ್ವಾ? ನೀರು ಕಮ್ಮಿ, ಅದಕ್ಕೆ ಲೋಡೂ ಕಮ್ಮಿ" ಅಂದರು ಯಜಮಾನರು. ನೋಡಿದವರಿಗೆ ಹಾಗೇ ಅನಿಸುತ್ತದೆ. ಆದರೆ ಆ 19 ಆಂಪ್ ಈ ಮೋಟಾರನ್ನು ಸುಡುವಂಥದ್ದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೋಟಾರ್ ಒಳಗೆ ಮೂರು ವೈಂಡಿಂಗ್ ಇವೆ, ಒಂದೊಂದಕ್ಕೆ ಎರಡು ತುದಿ, ಒಟ್ಟು ಆರು ತಂತಿ. ಡೆಲ್ಟಾದಲ್ಲಿ ಪ್ರತಿ ವೈಂಡಿಂಗ್ ಎರಡು ಫೇಸ್‌ಗಳ ನಡುವೆ ಕೂರುತ್ತದೆ, ಪೂರ್ತಿ 415 ವೋಲ್ಟ್ ಸಿಗುತ್ತದೆ. ಲೈನಿನ 25 ಆಂಪ್ ಎರಡು ವೈಂಡಿಂಗ್‌ಗೆ ಹಂಚಿಹೋಗುವುದರಿಂದ ಒಂದೊಂದರಲ್ಲಿ ಓಡುವುದು 25ರ 0.58 ಪಾಲು, ಅಂದರೆ 14.5 ಆಂಪ್ ಮಾತ್ರ. ಸ್ಟಾರ್‌ನಲ್ಲಿ ಮೂರು ತುದಿಗಳನ್ನು ಒಂದು ಕಡೆ ಗಂಟು ಹಾಕುತ್ತೇವೆ. ವೈಂಡಿಂಗ್‌ಗೆ ಸಿಗುವುದು 240 ವೋಲ್ಟ್. ಆದರೆ ಲೈನಿನ ಕರೆಂಟ್ ಹಂಚಿಹೋಗುವುದಿಲ್ಲ, ಅಷ್ಟೂ ಆ ಒಂದೇ ವೈಂಡಿಂಗ್‌ನಲ್ಲಿ ಹೋಗುತ್ತದೆ. ಹಾಗಾಗಿ 14.5 ಆಂಪ್ ತಡೆಯುವ ತಂತಿಯಲ್ಲಿ ಇಲ್ಲಿ 19 ಆಂಪ್ ಓಡುತ್ತಿತ್ತು. ಮೂರು ವಾರದಿಂದ.

ನೀರು ಸಣ್ಣಗಾದದ್ದಕ್ಕೂ ಕಾರಣ ಇದೇ. ಸ್ಟಾರ್‌ನಲ್ಲಿ ಮೋಟಾರ್‌ನ ಬಲ ಮೂರನೇ ಒಂದು ಪಾಲು. ಪಂಪನ್ನು ಎಳೆಯಲಾರದೆ ವೇಗ ಇಳಿಯುತ್ತದೆ. ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅನ್ನುವುದು ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ನೂರರಿಂದ 85ಕ್ಕೆ ಇಳಿದರೆ ತಳ್ಳುವ ಎತ್ತರ ನೂರರಿಂದ 72ಕ್ಕೆ ಬರುತ್ತದೆ. ಇಷ್ಟು ಆಳದ ಬೋರ್‌ನಲ್ಲಿ ಎತ್ತರವೇ ಎಲ್ಲ. ಅದು ಅಷ್ಟು ಇಳಿದರೆ ನೀರು ಮೇಲೆ ಬರುವುದೇ ಕಷ್ಟ. ಬೋರ್ ಬತ್ತಿರಲಿಲ್ಲ.

ರಿಲೇ ನೋಡಿದೆ. ಈ ಪ್ಯಾನೆಲ್‌ನಲ್ಲಿ ರಿಲೇ ಮೇನ್ ಕಾಂಟ್ಯಾಕ್ಟರ್ ಆದ ಮೇಲೆ, ಮೋಟಾರ್‌ಗೆ ಹೋಗುವ ತಂತಿಯಲ್ಲಿದೆ. ಅಲ್ಲಿ ಅದು ನೋಡುವುದು ವೈಂಡಿಂಗ್‌ನ ಕರೆಂಟನ್ನು. ಹಾಗಾಗಿ ಅದರ ಸೆಟ್ಟಿಂಗ್ 14.5 ಇರಬೇಕು. ಡಯಲ್‌ನ ತುದಿ 22ರ ಮೇಲಿತ್ತು. "ಸರಿ ಮಾಡಿದ್ದು" ಅಂದರೆ ಅದೇ. ಐದು ನಿಮಿಷಕ್ಕೊಮ್ಮೆ ಟ್ರಿಪ್ ಆಗುತ್ತಿದ್ದ ರಿಲೇ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ನನಗೆ ಅಲ್ಲಿ ನಿಜಕ್ಕೂ ಸಿಟ್ಟು ಬಂತು. ರಿಲೇ 14.5ಕ್ಕೆ ವಾಪಸ್ ತಂದೆ. ಯಜಮಾನರು ನೀರು ಸಣ್ಣಗೆ ಬರುತ್ತಿದೆ ಅಂತ ಅರ್ಧ ಗಂಟೆಗಿಂತ ಜಾಸ್ತಿ ಓಡಿಸುತ್ತಿರಲಿಲ್ಲ. ಮೋಟಾರ್ ಉಳಿದಿದ್ದರೆ ಅದಕ್ಕೇ ಉಳಿದಿರಬೇಕು ಅಂದುಕೊಂಡೆ.

ಉಳಿದಿದೆಯೋ ಇಲ್ಲವೋ ನೋಡಿಬಿಡೋಣ ಅಂತ ಐಸೊಲೇಟರ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಆರು ತಂತಿ ಬಿಚ್ಚುವ ಮುಂಚೆ ಟರ್ಮಿನಲ್‌ನ ಫೋಟೋ ತೆಗೆದೆ. ಈ ಫೋಟೋ ಆಮೇಲೆ ಕೆಲಸಕ್ಕೆ ಬಂತು. ಇನ್ಸುಲೇಶನ್ ಅಳೆಯುವ ಮೆಗ್ಗರ್‌ನಲ್ಲಿ ಅರ್ತ್‌ಗೆ 20 ಮೆಗಾಓಂ ತೋರಿಸಿತು. ನೀರಲ್ಲಿ ಮುಳುಗಿರುವ ಮೋಟಾರ್‌ಗೆ ಇದು ಚೆನ್ನಾಗೇ ಇದೆ. ಮೂರು ವೈಂಡಿಂಗ್‌ಗಳನ್ನೂ ಅಳೆದೆ. ಕೇಬಲ್ ಸೇರಿ ಒಂದೊಂದೂ 2.4 ಓಂ. ಮೂರೂ ಸಮ. ಮೋಟಾರ್ ಸುಟ್ಟಿಲ್ಲ ಅಂದಾಗ ಯಜಮಾನರು ಕೇಸಿಂಗ್ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

ಆ ತಂತಿಗಳನ್ನು ಹಾಗೇ ಬಿಚ್ಚಿಟ್ಟು, ತುದಿಗಳಿಗೆ ಟೇಪ್ ಸುತ್ತಿದೆ. ಇನ್ನು ಮೇಲೆ ಮೋಟಾರ್ ಇಲ್ಲದೆ ಬರೀ ಪ್ಯಾನೆಲ್ ಓಡಿಸಿ ನೋಡುವುದು. ಕಾಂಟ್ಯಾಕ್ಟರ್‌ಗಳು ಮೋಟಾರ್ ಇದ್ದರೂ ಇಲ್ಲದಿದ್ದರೂ ಅದೇ ಕ್ರಮದಲ್ಲಿ ಹಿಡಿಯಬೇಕು. ಹತ್ತು ಸಲ ಸ್ಟಾರ್ಟ್ ಮಾಡಿದರೂ ವೈಂಡಿಂಗ್‌ಗೆ ಏಟು ಬೀಳುವುದಿಲ್ಲ.

ಫ್ಯೂಸ್ ಹಾಕಿ ಸ್ಟಾರ್ಟ್ ಒತ್ತಿದೆ. ಟೈಮರ್ ಮೇಲಿನ ಸಣ್ಣ ದೀಪ ಹತ್ತಲೇ ಇಲ್ಲ. ಟೈಮರ್‌ಗೆ ಕರೆಂಟ್ ಕೊಡುವ ಎರಡು ತುದಿ ಎ1, ಎ2. ಹುಡುಗ ಟೆಸ್ಟರ್ ತಗೊಂಡು ಎ1ಗೆ ಇಟ್ಟ, ಉರಿಯಿತು. ಎ2ಗೆ ಇಟ್ಟ, ಅಲ್ಲೂ ಉರಿಯಿತು. "ಅಣ್ಣ, ಎರಡೂ ಕಡೆ ಕರೆಂಟ್ ಐತೆ. ಟೈಮರ್ರೇ ಹೋಗಿರೋದು" ಅಂದ. ನಾನೂ ಅವನ ವಯಸ್ಸಿನಲ್ಲಿ ಹಾಗೇ ಅನ್ನುತ್ತಿದ್ದೆ.

ಮಲ್ಟಿಮೀಟರ್ ಇಟ್ಟೆ. ಎ1ರಿಂದ ನೀಲಿ ಫೇಸ್‌ಗೆ 402 ವೋಲ್ಟ್. ಅಂದರೆ ಎ1ಗೆ ಕೆಂಪು ಫೇಸ್ ಸರಿಯಾಗಿ ಬರುತ್ತಿದೆ. ಆದರೆ ಎ1ರಿಂದ ಎ2ಗೆ ಅಳೆದರೆ 20 ವೋಲ್ಟ್ ಕೂಡ ಇಲ್ಲ. ಟೈಮರ್ ಮೇಲೆ 240 ವೋಲ್ಟ್ ಅಂತ ಬರೆದಿತ್ತು. ಅದಕ್ಕೆ ಬೇಕಾದದ್ದು ಒಂದು ಫೇಸ್, ಒಂದು ನ್ಯೂಟ್ರಲ್. ಈ ಪ್ಯಾನೆಲ್‌ನ ಕಾಂಟ್ಯಾಕ್ಟರ್ ಕಾಯಿಲ್‌ಗಳು 415 ವೋಲ್ಟಿನವು, ಎರಡು ಫೇಸ್ ಮೇಲೆ ಹಿಡಿಯುತ್ತವೆ. ಪ್ಯಾನೆಲ್‌ಗೆ ನ್ಯೂಟ್ರಲ್ ತಂತಿಯೇ ಬಂದಿಲ್ಲ. ಹಾಗಾದರೆ ಟೈಮರ್‌ನ ಎ2 ಎಲ್ಲಿಗೆ ಹೋಗಿದೆ?

ಕರೆಂಟ್ ತೆಗೆದು ಆ ತಂತಿ ಹಿಡಿದು ಹೋದೆ. ಕಪ್ಪು ತಂತಿ, ಕೆಳಗಿಳಿದು ಪ್ಯಾನೆಲ್ ಪೆಟ್ಟಿಗೆಯ ಅರ್ತ್ ಬೋಲ್ಟ್‌ಗೆ ಸೇರಿತ್ತು. ಎರಡು ವರ್ಷದ ಹಿಂದೆ ಹಳೆ ಟೈಮರ್ ಹೋದಾಗ ಯಾರೋ ಈ 240ರ ಟೈಮರ್ ಹಾಕಿ, ನ್ಯೂಟ್ರಲ್ ಇಲ್ಲ ಅಂತ ಅರ್ತನ್ನೇ ನ್ಯೂಟ್ರಲ್ ಮಾಡಿದ್ದಾರೆ. ಎರಡು ವರ್ಷ ನಡೆದಿದೆ. ಅರ್ತ್ ಬೋಲ್ಟ್‌ನಿಂದ ಜಿಐ ತಂತಿ ನೆಲಕ್ಕೆ ಇಳಿದಿತ್ತು. ಹಿಡಿದು ಮೆಲ್ಲಗೆ ಎಳೆದೆ. ಮಣ್ಣಿಗೆ ತಾಗುವ ಜಾಗದಲ್ಲಿ ತುಕ್ಕು ತಿಂದು ತುಂಡಾಗಿದ್ದದ್ದು ಕೈಗೇ ಬಂತು.

ಜುಮ್ ಅನ್ನುವುದರ ಗುಟ್ಟು ಅಲ್ಲಿ ಬಿಚ್ಚಿಕೊಂಡಿತು. ಸ್ಟಾರ್ಟ್ ಒತ್ತಿದಾಗ ಮಾತ್ರ ಎ1ಗೆ ಫೇಸ್ ಬರುತ್ತದೆ. ಅದು ಟೈಮರ್ ಒಳಗಿಂದ ಹಾದು ಎ2ಗೆ, ಅಲ್ಲಿಂದ ಪೆಟ್ಟಿಗೆಯ ಮೈಗೆ ಬರುತ್ತದೆ. ಅರ್ತ್ ತಂತಿ ಗಟ್ಟಿಯಿದ್ದಾಗ ಅಲ್ಲಿಂದ ನೆಲಕ್ಕೆ ಹೋಗುತ್ತಿತ್ತು. ತಂತಿ ತುಂಡಾದ ಮೇಲೆ ಹೋಗಲು ದಾರಿ ಇಲ್ಲ. ಟೈಮರ್ ಸತ್ತಿತು, ಪೆಟ್ಟಿಗೆಯ ಮೈ ಮೇಲೆ ಫೇಸ್ ನಿಂತಿತು. ಅದಕ್ಕೇ ಮೋಟಾರ್ ಓಡುವಾಗ ಮಾತ್ರ ಕೈ ಜುಮ್ ಅಂದದ್ದು. ಟೆಸ್ಟರ್ ಎರಡೂ ಕಡೆ ಉರಿದದ್ದೂ ಅದಕ್ಕೇ. ಮುಟ್ಟಿದವರ ಮೈಯೇ ಆ ಟೈಮರ್‌ಗೆ ಅರ್ತ್ ಆಗುತ್ತಿತ್ತು. ಟೈಮರ್ ಒಳಗಿನ ತಡೆಯಿಂದ ಕರೆಂಟ್ ಸ್ವಲ್ಪವೇ ಹರಿದಿದೆ, ಅದಕ್ಕೆ ಜುಮ್‌ನಲ್ಲಿ ನಿಂತಿದೆ. ಒದ್ದೆ ನೆಲ, ಬರಿಗಾಲು ಇದ್ದರೆ ಅಷ್ಟೇ ಇರುತ್ತಿತ್ತು ಅಂತ ಹೇಳಲು ನನಗೆ ಧೈರ್ಯವಿಲ್ಲ. ಅದರ ಮೇಲೆ, ಅರ್ತ್ ಇಲ್ಲದ ಆ ಪೆಟ್ಟಿಗೆಗೆ ಒಳಗಿನ ಯಾವುದಾದರೂ ಫೇಸ್ ತಂತಿ ನೇರವಾಗಿ ತಾಗಿದ್ದರೆ ಯಾವ ತಡೆಯೂ ಇರುತ್ತಿರಲಿಲ್ಲ.

ಈ ಟೈಮರ್‌ಗೆ ಕರೆಂಟ್ ಇಲ್ಲದಿದ್ದರೂ ಮೋಟಾರ್ ಎದ್ದದ್ದು ಹೇಗೆ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಈ ತರಹದ ಟೈಮರ್‌ನಲ್ಲಿ 15, 16, 18 ಅಂತ ಮೂರು ಟರ್ಮಿನಲ್ ಇರುತ್ತವೆ. ಕರೆಂಟ್ ಇಲ್ಲದಾಗ 15-16 ಮುಚ್ಚಿರುತ್ತದೆ. ಸ್ಟಾರ್ ಕಾಯಿಲ್ ಅದರ ಮೂಲಕವೇ ಹೋಗಿದೆ. ಹೊತ್ತು ತುಂಬಿದಾಗ 15-16 ಬಿಟ್ಟು 15-18 ಮುಚ್ಚಿಕೊಳ್ಳುತ್ತದೆ, ಆಗ ಡೆಲ್ಟಾ. ಟೈಮರ್ ಸತ್ತಿದ್ದರೆ 15-16 ಹಾಗೇ ಮುಚ್ಚಿಕೊಂಡಿರುತ್ತದೆ. ಸ್ಟಾರ್ ಎಂದಿಗೂ ಬಿಡುವುದಿಲ್ಲ. ಬರೀ ಸ್ಟಾರ್-ಡೆಲ್ಟಾಕ್ಕೇ ಮಾಡಿದ ಟೈಮರ್ ಬೇರೆ. ಅದರಲ್ಲಿ 17, 18, 28 ಇರುತ್ತದೆ. ಅದಕ್ಕೆ ಕರೆಂಟ್ ಸಿಗದಿದ್ದರೆ ಸ್ಟಾರ್ ಹಿಡಿಯುವುದೇ ಇಲ್ಲ.

ನನ್ನ ಚೀಲದಲ್ಲಿ 415 ವೋಲ್ಟಿನ ಟೈಮರ್ ಒಂದಿತ್ತು. ಅದನ್ನೇ ಹಾಕಿದೆ. ಎ2 ತಂತಿಯನ್ನು ಅರ್ತ್ ಬೋಲ್ಟ್‌ನಿಂದ ಕಿತ್ತು ನೀಲಿ ಫೇಸ್‌ನ ಕಂಟ್ರೋಲ್ ಫ್ಯೂಸ್‌ಗೆ ಕೊಟ್ಟೆ. ಇನ್ನು ನ್ಯೂಟ್ರಲ್ಲೂ ಬೇಡ, ಅರ್ತೂ ಬೇಡ. ಡಯಲ್ 4 ಸೆಕೆಂಡ್‌ಗೆ ಇಟ್ಟೆ. ದೊಡ್ಡ ಫ್ಲೈವೀಲ್ ಇರುವ ಯಂತ್ರಕ್ಕಾದರೆ 10, 15 ಸೆಕೆಂಡ್ ಬೇಕಾಗಬಹುದು. ಸಬ್‌ಮರ್ಸಿಬಲ್ ಪಂಪ್‌ಗೆ ತಿರುಗುವ ಭಾರ ಕಮ್ಮಿ, ಸ್ಟಾರ್‌ನಲ್ಲಿ ಏರಬಹುದಾದ ವೇಗಕ್ಕೆ ಬೇಗ ಏರುತ್ತದೆ. ಆಮೇಲೆ ಕಾದರೆ ವೈಂಡಿಂಗ್ ಬಿಸಿಯಾಗುವುದಷ್ಟೇ.

ಸ್ಟಾರ್ಟ್. ಮೇನ್, ಸ್ಟಾರ್ ಹಿಡಿದವು. ಟೈಮರ್ ದೀಪ ಹತ್ತಿತು. ನಾಲ್ಕು ಸೆಕೆಂಡ್‌ಗೆ ಸ್ಟಾರ್ ಟಕ್ ಅಂತ ಬಿಟ್ಟಿತು. ಡೆಲ್ಟಾ ಹಿಡಿಯಲಿಲ್ಲ.

ಹುಡುಗನ ಮುಖ ಬಾಡಿತು. ನನಗೆ ಮಾತ್ರ ಸಮಾಧಾನವೇ ಆಯಿತು. ಈಗ ಟೈಮರ್ ಕಡೆಯ ಅರ್ಧ ಮುಗಿದಿದೆ. ತಪ್ಪು ಇರುವುದು ಟೈಮರ್‌ನ 18ರಿಂದ ಡೆಲ್ಟಾ ಕಾಯಿಲ್‌ವರೆಗಿನ ಒಂದು ಗೇಣು ತಂತಿಯಲ್ಲಿ.

ಆ ದಾರಿಯಲ್ಲಿ ಇರುವುದು ಒಂದೇ ಬಾಗಿಲು. ಸ್ಟಾರ್ ಕಾಂಟ್ಯಾಕ್ಟರ್ ಬಿಟ್ಟಿರುವಾಗ ಮುಚ್ಚಿ, ಹಿಡಿದಾಗ ತೆರೆಯುವ ಅದರ ಎನ್‌ಸಿ ಪಾಯಿಂಟ್. ಸ್ಟಾರ್ ಪೂರ್ತಿ ಬಿಡುವವರೆಗೆ ಡೆಲ್ಟಾ ಹಿಡಿಯಬಾರದು ಅಂತ ಹಾಕಿರುವ ತಡೆ ಅದು. ಹುಡುಗ ಮತ್ತೆ ಟೆಸ್ಟರ್ ಇಟ್ಟ. ಎನ್‌ಸಿ ಪಾಯಿಂಟ್‌ನ ಆಚೆ ಉರಿಯಿತು, ಈಚೆಯೂ ಉರಿಯಿತು. "ಪಾಯಿಂಟ್ ಸರಿ ಐತಲ್ಲಣ್ಣ, ಕಾಯಿಲ್ ಹೋಗಿರಬೇಕು" ಅಂದ.

ಎರಡು ಫೇಸ್ ಮೇಲೆ ನಡೆಯುವ ಕಂಟ್ರೋಲ್‌ನಲ್ಲಿ ಟೆಸ್ಟರ್ ಹೀಗೇ ದಾರಿ ತಪ್ಪಿಸುತ್ತದೆ. ಕಾಯಿಲ್‌ನ ಇನ್ನೊಂದು ತುದಿ ನೀಲಿ ಫೇಸ್‌ಗೆ ಸೇರಿದೆ. ಆ ನೀಲಿ ಫೇಸ್ ಕಾಯಿಲ್ ಒಳಗಿಂದ ಹಾದು ವಾಪಸ್ ಎನ್‌ಸಿ ಪಾಯಿಂಟ್‌ವರೆಗೂ ಬಂದು ನಿಲ್ಲುತ್ತದೆ. ಟೆಸ್ಟರ್‌ಗೆ ಕೆಂಪು, ನೀಲಿ ಗೊತ್ತಿಲ್ಲ. ಎರಡಕ್ಕೂ ಉರಿಯುತ್ತದೆ. ನಾನು ಮೀಟರ್‌ನ ಒಂದು ಕಡ್ಡಿಯನ್ನು ನೀಲಿ ಫೇಸ್‌ನ ಫ್ಯೂಸ್ ಮೇಲೆ ಕದಲದಂತೆ ಇಟ್ಟು, ಇನ್ನೊಂದನ್ನು ದಾರಿಯುದ್ದಕ್ಕೂ ಸರಿಸುತ್ತಾ ಹೋದೆ. ಟೈಮರ್‌ನ 18ರಲ್ಲಿ 402. ಎನ್‌ಸಿಗೆ ಬರುವ ಸ್ಕ್ರೂನಲ್ಲಿ 402. ಎನ್‌ಸಿಯಿಂದ ಹೊರಡುವ ಸ್ಕ್ರೂನಲ್ಲಿ ಸೊನ್ನೆ. ಪಾಯಿಂಟ್ ಮುಚ್ಚಿಲ್ಲ. ಕರೆಂಟ್ ತೆಗೆದು ಕಾಯಿಲ್ ಅಳೆದರೆ ಅದು ಚೆನ್ನಾಗೇ ಇತ್ತು.

ಇಲ್ಲಿ ಕೆಲವರು ಆ ಎರಡು ಸ್ಕ್ರೂಗೆ ತುಂಡು ತಂತಿ ಹಾಕಿ ಡೆಲ್ಟಾ ಹಿಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎನ್‌ಸಿ ಮುಚ್ಚದಿರಲು ಒಂದು ಕಾರಣ ಸ್ಟಾರ್‌ನ ಮುಖ್ಯ ಪಾಯಿಂಟ್ ಅಂಟಿಕೊಂಡಿರುವುದೂ ಆಗಿರಬಹುದು. ಅಂಟಿರುವಾಗ ಡೆಲ್ಟಾ ಹಿಡಿದರೆ ಫೇಸ್‌ಗಳು ಸ್ಟಾರ್‌ನ ಗಂಟಿನಲ್ಲಿ ನೇರವಾಗಿ ಒಂದಕ್ಕೊಂದು ತಾಗುತ್ತವೆ. ಪ್ಯಾನೆಲ್ ಮುಖದ ಮುಂದೆಯೇ ಸಿಡಿಯುತ್ತದೆ. ನಾನು ಮೊದಲು ಅದನ್ನೇ ನೋಡಿದೆ. ಎಲ್ಲ ಕರೆಂಟ್ ತೆಗೆದು, ಸ್ಟಾರ್‌ನ ಒಂದೊಂದು ಪಾಯಿಂಟ್‌ನ ಮೇಲೆ ಕೆಳಗೆ ಓಂ ಅಳೆದೆ. ಮೂರೂ ತೆರೆದೇ ಇದ್ದವು. ಅಂಟಿಲ್ಲ.

ಹಾಗಾದರೆ ಏನು? ಕಾಂಟ್ಯಾಕ್ಟರ್ ಬಿಚ್ಚಿ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದೆ. ಒಂದು ಪಾಯಿಂಟ್‌ನ ಸ್ಕ್ರೂ ಸಡಿಲವಾಗಿತ್ತು. ಅದರ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ, ಒಂದು ಮೂಲೆ ಸೊಟ್ಟಗಾಗಿತ್ತು. ಒಳಗೆ ಸರಿದಾಡುವ ಭಾಗ ಅಲ್ಲಿ ಉಜ್ಜಿಕೊಂಡು ಕೊನೆಯ ಒಂದು ಮಿಲಿಮೀಟರ್ ಹೊರಗೆ ಬರುತ್ತಿರಲಿಲ್ಲ. ಮುಖ್ಯ ಪಾಯಿಂಟ್ ಬಿಡಲು ಅಷ್ಟು ಸಾಕಾಗಿತ್ತು, ಎನ್‌ಸಿ ಮುಚ್ಚಲು ಸಾಕಾಗಿರಲಿಲ್ಲ.

ಇದೂ ಮೊದಲ ತಪ್ಪಿನ ಮಗು. ಸ್ಟಾರ್ ಕಾಂಟ್ಯಾಕ್ಟರನ್ನು ಯಾವಾಗಲೂ ಚಿಕ್ಕದು ಹಾಕುತ್ತಾರೆ. ಇಲ್ಲಿ ಮೇನ್ ಮತ್ತು ಡೆಲ್ಟಾ 18 ಆಂಪಿನವು, ಸ್ಟಾರ್ 9 ಆಂಪಿನದು. ನಾಲ್ಕೈದು ಸೆಕೆಂಡ್ ಕೆಲಸಕ್ಕೆ ಅಷ್ಟು ಸಾಕು. ಅದರ ಮೇಲೆ ಮೂರು ವಾರ, ದಿನಕ್ಕೆ ಹಲವು ಸಲ, ಅರ್ಧರ್ಧ ಗಂಟೆ 19 ಆಂಪ್ ಓಡಿದೆ. ಬಿಸಿಲಿಗೆ ಕಾದ ಪೆಟ್ಟಿಗೆ, ಜೊತೆಗೆ ಸಡಿಲ ಸ್ಕ್ರೂ. ಅದು ಬೆಂದುಹೋಗಿದೆ. ಸ್ಕ್ರೂ ಬಿಗಿ ಮಾಡಿ, ಪ್ಲಾಸ್ಟಿಕ್ ಉಜ್ಜಿ ಮತ್ತೆ ಹಾಕಬಹುದಿತ್ತು. ಆದರೆ ಆ ಎನ್‌ಸಿಯನ್ನು ನಂಬಿ ನಾನು ಮನೆಗೆ ಹೋಗಲಾರೆ. ಹೊಸ ಕಾಂಟ್ಯಾಕ್ಟರ್ ತರಲು ಹುಡುಗನನ್ನು ಬೈಕಿನಲ್ಲಿ ಕಳಿಸಿದೆ.

ಅವನು ಬರುವಷ್ಟರಲ್ಲಿ ಅರ್ತ್ ಕೆಲಸ ಮುಗಿಸಿದೆವು. ಗುಂಡಿಯ ಪೈಪ್ ಗಟ್ಟಿಯಿತ್ತು, ತಂತಿ ಮಾತ್ರ ಹೋಗಿತ್ತು. ಹೊಸ ಜಿಐ ತಂತಿ ಎಳೆದು, ಕ್ಲಾಂಪ್ ಹಾಕಿ, ಯಜಮಾನರ ಮಗ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದ.

ಹೊಸ ಸ್ಟಾರ್ ಕಾಂಟ್ಯಾಕ್ಟರ್ ಹಾಕಿ ಮೋಟಾರ್ ಇಲ್ಲದೆ ಓಡಿಸಿದೆ. ಮೇನ್, ಸ್ಟಾರ್. ನಾಲ್ಕು ಸೆಕೆಂಡ್. ಸ್ಟಾರ್ ಬಿಟ್ಟಿತು, ಡೆಲ್ಟಾ ಟಪ್ ಅಂತ ಹಿಡಿಯಿತು. ಐದು ಸಲ ಮಾಡಿದೆ, ಐದೂ ಸಲ ಸರಿ.

ಯಜಮಾನರು ತಂತಿ ಹಾಕಿಬಿಡಪ್ಪಾ, ಕರೆಂಟ್ ಹೋಗೋ ಹೊತ್ತಾಯ್ತು ಅಂದರು. ಫೋಟೋ ನೋಡಿಕೊಂಡು ಮೊದಲಿದ್ದಂತೆಯೇ ಹಾಕಿದೆ. ಆದರೆ ಕರೆಂಟ್ ಕೊಡುವ ಮುಂಚೆ ಒಂದು ಅಳತೆ ಬಾಕಿ ಇತ್ತು. ಯಾರಾದರೂ ಆರು ತಂತಿ ಬಿಚ್ಚಿ ಹಾಕಿದ್ದರೆ ಇದನ್ನು ನಾನು ಬಿಡುವುದಿಲ್ಲ. ಐಸೊಲೇಟರ್ ಇಳಿಸಿ, ಫ್ಯೂಸ್ ಕಿತ್ತು, ಕರೆಂಟ್ ಇಲ್ಲ ಅಂತ ಮೀಟರ್‌ನಲ್ಲಿ ಖಚಿತ ಮಾಡಿಕೊಂಡೆ. ಹುಡುಗ ಮೇನ್ ಮತ್ತು ಡೆಲ್ಟಾ ಕಾಂಟ್ಯಾಕ್ಟರ್‌ಗಳನ್ನು ಎರಡು ಕೈಯಲ್ಲಿ ಒಳಗೆ ಒತ್ತಿ ಹಿಡಿದ. ನಾನು ಪ್ಯಾನೆಲ್‌ಗೆ ಕರೆಂಟ್ ಬರುವ ಮೂರು ತುದಿಗಳ ನಡುವೆ ಓಂ ಅಳೆದೆ.

ಡೆಲ್ಟಾ ಸರಿಯಿದ್ದರೆ ಮೂರೂ ಜೋಡಿಗೆ ಒಂದೇ ಸಂಖ್ಯೆ ಬರಬೇಕು, ಒಂದು ವೈಂಡಿಂಗ್‌ನ ಮೂರನೇ ಎರಡು ಪಾಲು. 2.4ಕ್ಕೆ 1.6 ಓಂ. ಮೀಟರ್ ಏನೂ ತೋರಿಸಲಿಲ್ಲ. ಕೆಂಪು-ಹಳದಿ ತೆರೆದಿದೆ. ಹಳದಿ-ನೀಲಿ ತೆರೆದಿದೆ. ನೀಲಿ-ಕೆಂಪೂ ತೆರೆದಿದೆ. ಡೆಲ್ಟಾದಲ್ಲಿ ಮೋಟಾರ್ ಲೈನ್‌ಗೆ ಕಾಣಿಸುತ್ತಲೇ ಇಲ್ಲ.

ಫೋಟೋ ಮತ್ತೆ ತೆಗೆದು ನೋಡಿದೆ. ಉತ್ತರ ಅಲ್ಲೇ ಇತ್ತು. ಟರ್ಮಿನಲ್‌ನಲ್ಲಿ ಮೇಲಿನ ಸಾಲು ಯು1, ವಿ1, ಡಬ್ಲ್ಯೂ1. ಅದರ ಕೆಳಗಿನ ಸಾಲು ಡಬ್ಲ್ಯೂ2, ಯು2, ವಿ2. ಒಂದೇ ಅಕ್ಷರದ 1, 2 ಅಂದರೆ ಒಂದೇ ವೈಂಡಿಂಗ್‌ನ ಎರಡು ತುದಿ. ಮೇಲೆ ಕೆಳಗೆ ಇರುವ ಎರಡು ಸ್ಕ್ರೂಗೆ ಡೆಲ್ಟಾದಲ್ಲಿ ಒಂದೇ ಫೇಸ್ ಬರುತ್ತದೆ. ಮೋಟಾರ್ ಎತ್ತುವವರು ತಂತಿ ವಾಪಸ್ ಹಾಕುವಾಗ ಕೆಂಪಿನ ಕೆಳಗೆ ಕೆಂಪು, ಹಳದಿ ಕೆಳಗೆ ಹಳದಿ, ನೀಲಿ ಕೆಳಗೆ ನೀಲಿ ಹಾಕಿದ್ದರು. ನೋಡಲು ಚೆನ್ನಾಗಿತ್ತು. ಆದರೆ ಈ ಮೋಟಾರ್‌ನಲ್ಲಿ ಒಂದು ಕೇಬಲ್ಲಿನ ಕೆಂಪು, ಇನ್ನೊಂದು ಕೇಬಲ್ಲಿನ ಕೆಂಪು ಒಂದೇ ವೈಂಡಿಂಗ್‌ನ ಎರಡು ತುದಿಗಳು. ಬೆಳಗ್ಗೆ ಅಳೆದಾಗ 2.4 ಓಂ ಸಿಕ್ಕಿದ್ದೂ ಅದೇ ಬಣ್ಣದ ಜೋಡಿಗಳ ನಡುವೆ. ಒಂದೇ ವೈಂಡಿಂಗ್‌ನ ಎರಡೂ ತುದಿಗೆ ಒಂದೇ ಫೇಸ್ ಕೊಟ್ಟರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ.

ಇಷ್ಟು ತಪ್ಪಿದ್ದರೂ ಮೂರು ದಿನ ಮೋಟಾರ್ ಓಡಿದೆ. ಸ್ಟಾರ್‌ನಲ್ಲಿ ಕೆಳಗಿನ ಸಾಲಿನ ಮೂರೂ ತಂತಿಯನ್ನು ಒಟ್ಟಿಗೆ ಗಂಟು ಹಾಕುತ್ತೇವೆ. ಗಂಟಿನಲ್ಲಿ ಯಾವುದು ಎಲ್ಲಿದ್ದರೂ ಒಂದೇ. ಡೆಲ್ಟಾಕ್ಕೆ ಹೋಗುವವರೆಗೆ ಈ ತಪ್ಪು ತನ್ನ ಮುಖ ತೋರಿಸುವುದೇ ಇಲ್ಲ. ಈ ಅಳತೆ ಮಾಡದೆ ಓಡಿಸಿದ್ದರೆ ಡೆಲ್ಟಾ ಹಿಡಿದ ತಕ್ಷಣ ಮೋಟಾರ್ ನಿಲ್ಲುತ್ತಿತ್ತು, ಆಂಪ್ ಸೊನ್ನೆ. ನಾನು ಡೆಲ್ಟಾ ಕಾಂಟ್ಯಾಕ್ಟರ್ ಬಿಚ್ಚಿಕೊಂಡು ಕೂರುತ್ತಿದ್ದೆ. ಮೂರೂ ತಪ್ಪದೆ ಎರಡೇ ತಂತಿ ಅದಲುಬದಲಾಗಿದ್ದರೆ ಸ್ಥಿತಿ ಬೇರೆ. ಆಗ ಒಂದು ವೈಂಡಿಂಗ್ ಖಾಲಿ, ಉಳಿದ ಎರಡೂ ಅದೇ ಎರಡು ಫೇಸ್‌ಗಳ ಮೇಲೆ ಕೂತು ಭಾರೀ ಕರೆಂಟ್ ಎಳೆಯುತ್ತವೆ. ಓಂ ಅಳತೆಯಲ್ಲಿ ಅದು ಒಂದು ಜೋಡಿಗೆ 1.2, ಉಳಿದ ಎರಡಕ್ಕೆ ತೆರೆದದ್ದು ಅಂತ ಕಾಣುತ್ತದೆ.

ಎರಡನೇ ಕೇಬಲ್ಲಿನ ಮೂರು ತಂತಿಯನ್ನು ಬಿಚ್ಚಿ ಟರ್ಮಿನಲ್‌ನ ಹೆಸರಿಗೆ ಸರಿಯಾಗಿ ಹಾಕಿದೆ. ಹುಡುಗ ಮತ್ತೆ ಒತ್ತಿ ಹಿಡಿದ. 1.6. 1.6. 1.6.

ಫ್ಯೂಸ್ ಹಾಕಿ ಐಸೊಲೇಟರ್ ಏರಿಸಿದೆ. ಟಾಂಗ್ ಟೆಸ್ಟರ್ ಕೆಂಪು ಫೇಸ್ ಮೇಲೆ. ಸ್ಟಾರ್ಟ್. ನಾಲ್ಕು ಸೆಕೆಂಡ್, ಟಕ್ ಟಪ್, ಆ ಎರಡನೇ ಶಬ್ದ. ಮೋಟಾರ್ ದನಿ ಕೇಸಿಂಗ್ ಪೈಪ್‌ನಲ್ಲೇ ಬದಲಾದದ್ದು ಕೇಳಿಸಿತು. ಮೀಟರ್ ಒಂದು ಕ್ಷಣ ಜಿಗಿದು 23ಕ್ಕೆ ಬಂದು ನಿಂತಿತು. ಹಳದಿ 23, ನೀಲಿ 22.6. ಅರ್ಧ ನಿಮಿಷ ಕಳೆದಿರಬೇಕು, ಪೈಪ್ ಮೊದಲು ಗಾಳಿ ಉಗುಳಿ, ಆಮೇಲೆ ತುಂಬಿ ಬಂತು. ತೊಟ್ಟಿಯ ಅಂಚು ದಾಟಿ ನೀರು ಚೆಲ್ಲಿತು. ಯಜಮಾನರ ಮಗ ಫೋನ್ ತೆಗೆದು ಮೋಟಾರ್ ಎತ್ತುವವರಿಗೆ ನಾಳೆ ಬರಬೇಡಿ ಅಂದ.

ಕರೆಂಟ್ ಹೋಗುವವರೆಗೂ ಅಲ್ಲೇ ನಿಂತು ನೋಡಿದೆ. ಮುಕ್ಕಾಲು ಗಂಟೆ ಓಡಿತು. ರಿಲೇ 14.5ರಲ್ಲೇ ಇತ್ತು, ಟ್ರಿಪ್ ಆಗಲಿಲ್ಲ. ಓಡುತ್ತಿರುವಾಗಲೇ ಪೆಟ್ಟಿಗೆಯ ಮೈಯಿಂದ ಅರ್ತ್ ಪೈಪ್‌ಗೆ ಮೀಟರ್ ಇಟ್ಟೆ, ಸೊನ್ನೆ. ಟೆಸ್ಟರ್ ಇಟ್ಟೆ, ಉರಿಯಲಿಲ್ಲ. ಆಮೇಲೆ ಯಜಮಾನರಿಗೆ ಮುಟ್ಟಿ ನೋಡಿ ಅಂದೆ. ಮೂರು ವಾರದ ಅಭ್ಯಾಸ, ಅವರ ಕೈ ಅರ್ಧಕ್ಕೆ ಬಂದು ನಿಂತಿತು. ನಾನೇ ಮೊದಲು ಅಂಗೈ ಇಟ್ಟೆ. ಆಮೇಲೆ ಅವರೂ ಇಟ್ಟರು.

ಹೊರಡುವ ಮುಂಚೆ ಬಾಗಿಲ ಒಳಗೆ, ಮೋಟಾರ್ ಪ್ಲೇಟ್ ವಿವರದ ಕೆಳಗೆ, ಮಾರ್ಕರ್‌ನಲ್ಲಿ ದಪ್ಪಗೆ ಬರೆದೆ. ರಿಲೇ 14.5. ಟೈಮರ್ 415 ವೋಲ್ಟ್, 4 ಸೆಕೆಂಡ್. ಕೆಂಪಿನ ಕೆಳಗೆ ನೀಲಿ, ಹಳದಿಯ ಕೆಳಗೆ ಕೆಂಪು, ನೀಲಿಯ ಕೆಳಗೆ ಹಳದಿ.